ಅಕ್ಕಿ ಎಷ್ಟು, ಬೇಳೆ ಎಷ್ಟು? ತಿಂಗಳ ಖರ್ಚಿನಿಂದ ಆಪ್ಟಿಮೈಸೇಶನ್ ಕಲಿಯೋಣ

ಮಕ್ಕಳೇ, ಇವತ್ತು ಒಂದು ಮನೆಯ ತಿಂಗಳ ಖರ್ಚಿನ ಲೆಕ್ಕ ಹಾಕೋಣ. ಮನೆ ತುಮಕೂರಿನಲ್ಲಿದೆ ಅಂತ ಇಟ್ಟುಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು. ತಿಂಗಳಿಗೆ ಕೈಗೆ ಬರುವುದು 28,000 ರೂಪಾಯಿ. ಇಷ್ಟರಲ್ಲಿ ಮನೆ ನಡೆಸುವುದಕ್ಕೆ ಒಂದೇ ದಾರಿ ಇಲ್ಲ, ನೂರಾರು ದಾರಿ ಇವೆ. ಅವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ಹುಡುಕಿ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ತೋರಿಸುವ ಗಣಿತವೇ ಆಪ್ಟಿಮೈಸೇಶನ್. ಹುಡುಕುವುದಕ್ಕಿಂತ ಆ ಎರಡನೇ ಕೆಲಸವೇ ನನಗೆ ಹೆಚ್ಚು ಇಷ್ಟ. ಅದನ್ನೂ ಇವತ್ತೇ ಮಾಡೋಣ.

ಮೊದಲು ಖರ್ಚಿನ ಪಟ್ಟಿ ನೋಡೋಣ. ಮನೆ ಬಾಡಿಗೆ 7,000. ಬೈಕ್ ಸಾಲದ ಕಂತು 2,500. ಚೀಟಿ 2,000. ಮಕ್ಕಳ ಸ್ಕೂಲ್ ವ್ಯಾನಿಗೆ 1,500. ಅಜ್ಜಿಯ ಮಾತ್ರೆಗೆ 1,200. ವಿಮೆ ಕಂತು 1,000. ಫೋನು, ಟೀವಿಗೆ 800. ಎಲ್ಲ ಕೂಡಿದರೆ 16,000. ಈ ತಿಂಗಳು ಕೂತು ಎಷ್ಟು ತಲೆ ಕೆಡಿಸಿಕೊಂಡರೂ ಇದು ಕಡಿಮೆ ಆಗುವುದಿಲ್ಲ. ಮನೆ ಮಾಲೀಕರು ಒಪ್ಪುವುದಿಲ್ಲ, ಅಜ್ಜಿಯ ಮಾತ್ರೆ ಬಿಡುವ ಹಾಗಿಲ್ಲ. ಆದ್ದರಿಂದ ಇವು ಲೆಕ್ಕದಲ್ಲಿ ಸ್ಥಿರ ಸಂಖ್ಯೆಗಳು. ನಾವು ನಿರ್ಧಾರ ಮಾಡಬಹುದಾದದ್ದು ಉಳಿದ 12,000 ರೂಪಾಯಿಯಲ್ಲಿ ಮಾತ್ರ: ದಿನಸಿ, ಹಾಲು, ತರಕಾರಿ, ಗ್ಯಾಸ್, ಪೆಟ್ರೋಲ್ ಹೀಗೆ. ಯಾವ ಸಂಖ್ಯೆ ನಮ್ಮ ಕೈಯಲ್ಲಿದೆಯೋ ಅದಕ್ಕೆ ಮಾತ್ರ x, y ಅಂತ ಹೆಸರು ಕೊಡುತ್ತೇವೆ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ x ಅಂತ ಹೆಸರಿಟ್ಟು ಬಿಡಿಸಲು ಹೊರಟರೆ, ಬಾಡಿಗೆಯನ್ನು ಸೊನ್ನೆ ಮಾಡಿ ಅಂತ ಉತ್ತರ ಬರುತ್ತದೆ!

ಈಗ ಮನೆಯವರನ್ನು ಕೇಳೋಣ, ನಿಮಗೆ ಏನು ಬೇಕು ಅಂತ. ಅಮ್ಮ ಹೇಳುತ್ತಾರೆ, "ಖರ್ಚು ಕಡಿಮೆ ಆಗಬೇಕು, ನಾಲ್ಕು ಕಾಸು ಉಳೀಬೇಕು." ಅಜ್ಜಿ ಹೇಳುತ್ತಾರೆ, "ಮಕ್ಕಳು ಹೊಟ್ಟೆ ತುಂಬ, ಶಕ್ತಿ ಬರೋ ಹಾಗೆ ತಿನ್ನಬೇಕು." ನೀವು ತಕ್ಷಣ ಎರಡನ್ನೂ ಸೇರಿಸಿ, "ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪೋಷಣೆ" ಅಂತ ಬರೆಯುತ್ತೀರಿ ಅಲ್ವಾ? ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದು ಗಣಿತದ ಪ್ರಶ್ನೆಯೇ ಅಲ್ಲ. ಅತಿ ಕಡಿಮೆ ಖರ್ಚು ಅಂದರೆ ಸೊನ್ನೆ ರೂಪಾಯಿ, ಅಂದರೆ ಉಪವಾಸ. ಅತಿ ಹೆಚ್ಚು ಪೋಷಣೆ ಅಂದರೆ 12,000 ಪೂರ್ತಿ ಖರ್ಚು. ಎರಡನ್ನೂ ಒಟ್ಟಿಗೆ ಕೊನೆಯವರೆಗೆ ಎಳೆಯಲು ಆಗುವುದಿಲ್ಲ. ಒಂದನ್ನು ಗುರಿ ಅಂತ ಇಟ್ಟುಕೊಂಡು, ಇನ್ನೊಂದನ್ನು ಷರತ್ತು ಮಾಡಬೇಕು. ನಾವು ಹೀಗೆ ಮಾಡೋಣ: ಅಜ್ಜಿಯ ಮಾತು ಷರತ್ತು, ಅಂದರೆ ಪೋಷಣೆ ಇಷ್ಟಕ್ಕಿಂತ ಕಡಿಮೆ ಆಗಬಾರದು. ಅಮ್ಮನ ಮಾತು ಗುರಿ, ಅಂದರೆ ಆ ಷರತ್ತಿನ ಒಳಗೆ ಖರ್ಚು ಆದಷ್ಟು ಕಡಿಮೆ ಆಗಬೇಕು.

ಕಾಗದದ ಮೇಲೆ ಗ್ರಾಫ್ ಬರೆಯಲು ಎರಡೇ ಅಕ್ಷ ಇರುವುದರಿಂದ, ದಿನಸಿಯಲ್ಲಿ ಎರಡೇ ಪದಾರ್ಥ ತೆಗೆದುಕೊಳ್ಳುತ್ತೇನೆ. ಅಕ್ಕಿ ಮತ್ತು ತೊಗರಿಬೇಳೆ. ತುಮಕೂರಿನ ಮನೆ ಅಂದಮೇಲೆ ರಾಗಿ ಎಲ್ಲಿ ಅಂತ ಕೇಳುತ್ತೀರಿ, ಗೊತ್ತು. ರಾಗಿಗೆ ಕೊನೆಯಲ್ಲಿ ಬರೋಣ. ತಿಂಗಳಿಗೆ ತರುವ ಅಕ್ಕಿ x ಕಿಲೋ, ಬೇಳೆ y ಕಿಲೋ. ಅಕ್ಕಿ ಕಿಲೋಗೆ 55 ರೂಪಾಯಿ, ಬೇಳೆ 140 ರೂಪಾಯಿ. ಈ ದರ ನಾನು ಲೆಕ್ಕಕ್ಕೆ ಇಟ್ಟುಕೊಂಡದ್ದು, ನಿಮ್ಮ ಬೀದಿಯ ಅಂಗಡಿಯಲ್ಲಿ ಬೇರೆ ಇರಬಹುದು. ಖರ್ಚು ಹೀಗೆ:

55x + 140y

ಇದು ಆದಷ್ಟು ಚಿಕ್ಕದಾಗಬೇಕು.

ಇನ್ನು ಷರತ್ತು. ಯಾವ ಆಹಾರದಲ್ಲಿ ಏನೇನು ಎಷ್ಟಿದೆ ಅನ್ನುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಳೆದು ಪಟ್ಟಿ ಮಾಡಿದೆ. ಲೆಕ್ಕ ಸುಲಭವಾಗಲಿ ಅಂತ ನಾನು ಅಂಕಿಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ. ಒಂದು ಕಿಲೋ ಅಕ್ಕಿಯಲ್ಲೂ ಒಂದು ಕಿಲೋ ಬೇಳೆಯಲ್ಲೂ ಇರುವ ಶಕ್ತಿ ಹೆಚ್ಚು ಕಡಿಮೆ ಒಂದೇ, ಸುಮಾರು 3,400 ಕಿಲೋ ಕ್ಯಾಲರಿ. ಪ್ರೋಟೀನ್ ಮಾತ್ರ ಬೇರೆ ಬೇರೆ. ಅಕ್ಕಿಯ ಕಿಲೋದಲ್ಲಿ 80 ಗ್ರಾಂ, ಬೇಳೆಯಲ್ಲಿ 220 ಗ್ರಾಂ.

ಹಾಲು, ತರಕಾರಿ, ಎಣ್ಣೆ ಇವೆಲ್ಲ ತಮ್ಮ ಪಾಲು ಕೊಡುತ್ತವೆ. ಅದನ್ನು ಕಳೆದ ಮೇಲೆ ಅಕ್ಕಿ ಮತ್ತು ಬೇಳೆಯಿಂದ ಐದು ಜನಕ್ಕೆ ತಿಂಗಳಿಗೆ 1,36,000 ಕಿಲೋ ಕ್ಯಾಲರಿ ಮತ್ತು 3,900 ಗ್ರಾಂ ಪ್ರೋಟೀನ್ ಬರಬೇಕು ಅಂತ ಇಟ್ಟುಕೊಳ್ಳೋಣ. 1,36,000ವನ್ನು 3,400ರಿಂದ ಭಾಗಿಸಿದರೆ 40. ಅಂದರೆ ಎರಡೂ ಸೇರಿ ಕನಿಷ್ಠ 40 ಕಿಲೋ ಬೇಕು. ಪ್ರೋಟೀನಿನ ಷರತ್ತು 80x + 220y ≥ 3,900. ಅದನ್ನು 20ರಿಂದ ಭಾಗಿಸಿದರೆ ಚಿಕ್ಕದಾಗುತ್ತದೆ. ಹಾಗಾಗಿ ನಮ್ಮ ಮುಂದೆ ಇರುವುದು ಇಷ್ಟೇ:

x + y ≥ 40

4x + 11y ≥ 195

x ≥ 0, y ≥ 0

ಕೊನೆಯ ಸಾಲನ್ನು ಸುಮ್ನೆ ಬರೆದದ್ದು ಅಂದುಕೊಳ್ಳಬೇಡಿ. ಅಕ್ಕಿಯನ್ನು ಸೊನ್ನೆಗಿಂತ ಕಡಿಮೆ ತರುವುದಕ್ಕೆ ಆಗುವುದಿಲ್ಲ ಅಂತ ನಮಗೆ ಗೊತ್ತು, ಸಮೀಕರಣಕ್ಕೆ ಗೊತ್ತಿಲ್ಲ. ಹೇಳಿದರೆ ಮಾತ್ರ ಅದಕ್ಕೆ ಗೊತ್ತಾಗುವುದು.

ಗ್ರಾಫ್ ಹಾಳೆ ತೆಗೆಯಿರಿ. ಅಡ್ಡ ಅಕ್ಷದಲ್ಲಿ ಅಕ್ಕಿ, ಉದ್ದ ಅಕ್ಷದಲ್ಲಿ ಬೇಳೆ. ಮೊದಲ ಗೆರೆ (40, 0) ಮತ್ತು (0, 40) ಬಿಂದುಗಳನ್ನು ಸೇರಿಸುತ್ತದೆ. ಎರಡನೆಯದು (48.75, 0) ಮತ್ತು (0, 17.7) ಸೇರಿಸುತ್ತದೆ. ಎರಡೂ ಗೆರೆಗಳ ಮೇಲ್ಭಾಗದಲ್ಲಿರುವ ಜಾಗಕ್ಕೆ ಪೆನ್ಸಿಲಿನಲ್ಲಿ ಬಣ್ಣ ಹಾಕಿ. ಆ ಜಾಗದ ಒಂದೊಂದು ಬಿಂದುವೂ ಮನೆಯವರು ತರಬಹುದಾದ ಒಂದೊಂದು ದಿನಸಿ ಚೀಟಿ. ಅದರ ಹೊರಗಿನ ಬಿಂದು ಯಾವುದನ್ನು ತೆಗೆದುಕೊಂಡರೂ ಒಂದೋ ಹೊಟ್ಟೆ ತುಂಬುವುದಿಲ್ಲ, ಇಲ್ಲವೇ ಪ್ರೋಟೀನ್ ಸಾಲದು. ಬಣ್ಣ ಹಾಕಿದ ಜಾಗಕ್ಕೆ ಮೂರು ಮೂಲೆಗಳಿವೆ. ಬರೀ ಬೇಳೆ 40 ಕಿಲೋ ಒಂದು. ಬರೀ ಅಕ್ಕಿ 48.75 ಕಿಲೋ ಇನ್ನೊಂದು. ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗ ಮೂರನೆಯದು. ಎರಡು ಸಮೀಕರಣ ಬಿಡಿಸಿ ನೋಡಿ, ಅದು ಅಕ್ಕಿ 35 ಕಿಲೋ, ಬೇಳೆ 5 ಕಿಲೋ.

ಈಗ ಖರ್ಚನ್ನು ಹಾಳೆಯ ಮೇಲೆ ನೋಡುವುದು ಹೇಗೆ? 55x + 140y = 3,500 ಅಂತ ಬರೆದರೆ ಅದೂ ಒಂದು ಗೆರೆ. ಆ ಗೆರೆಯ ಮೇಲಿನ ಎಲ್ಲ ಚೀಟಿಗಳಿಗೂ 3,500 ರೂಪಾಯಿಯೇ ಆಗುತ್ತದೆ. ನಿಮ್ಮ ಸ್ಕೇಲನ್ನು ಆ ಗೆರೆಯ ಮೇಲಿಟ್ಟು, ಓರೆ ಬದಲಿಸದೆ, ನಿಧಾನವಾಗಿ ಕೆಳಕ್ಕೆ ಸರಿಸಿ. ಸರಿಸಿದಂತೆಲ್ಲ ಖರ್ಚು ಇಳಿಯುತ್ತದೆ. ಬಣ್ಣದ ಜಾಗವನ್ನು ಸ್ಕೇಲು ಇನ್ನೇನು ಬಿಟ್ಟುಬಿಡುತ್ತದೆ ಅನ್ನುವ ಕ್ಷಣದಲ್ಲಿ ನಿಲ್ಲಿಸಿ. ಸ್ಕೇಲು ಮುಟ್ಟಿಕೊಂಡಿರುವ ಕೊನೆಯ ಬಿಂದು (35, 5). ಖರ್ಚು 35 × 55 = 1,925, ಜೊತೆಗೆ 5 × 140 = 700. ಒಟ್ಟು 2,625 ರೂಪಾಯಿ.

ಉತ್ತರ ಮೂಲೆಯಲ್ಲೇ ಯಾಕೆ ಸಿಕ್ಕಿತು? ಅಂಚಿನ ಮೇಲೆ ಎಲ್ಲೋ ಮಧ್ಯದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಅಂಚು ನೇರ ಗೆರೆ. ಒಂದು ಕಡೆಗೆ ಹೆಜ್ಜೆ ಇಟ್ಟರೆ ಖರ್ಚು ಹತ್ತು ರೂಪಾಯಿ ಇಳಿಯಿತು ಅಂದರೆ, ಮುಂದಿನ ಅಷ್ಟೇ ದೂರದ ಹೆಜ್ಜೆಗೂ ಹತ್ತು ರೂಪಾಯಿ ಇಳಿಯುತ್ತದೆ, ಅದರ ಮುಂದಿನದಕ್ಕೂ ಅಷ್ಟೇ. ಮಧ್ಯದಲ್ಲಿ ನಿಲ್ಲುವುದಕ್ಕೆ ಕಾರಣವೇ ಇಲ್ಲ. ಅಂಚು ಮುಗಿಯುವ ತನಕ ಹೋಗುತ್ತೀರಿ. ಅಂಚು ಮುಗಿಯುವ ಜಾಗವೇ ಮೂಲೆ. ಗುರಿಯೂ ಷರತ್ತುಗಳೂ ನೇರ ಗೆರೆಗಳಾಗಿರುವ ಲೆಕ್ಕಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುತ್ತಾರೆ. ಅದರ ಜೀವಾಳ ಈ ಮಾತಿನಲ್ಲೇ ಇದೆ: ಉತ್ತರ ಅಂತ ಒಂದಿದ್ದರೆ, ಯಾವುದಾದರೂ ಒಂದು ಮೂಲೆಯಲ್ಲಿ ಅದು ಸಿಕ್ಕೇ ಸಿಗುತ್ತದೆ.

ನಮ್ಮ ಮೂಲೆಯಿಂದ ಎರಡೂ ಕಡೆಗೆ ಹೋಗಿ ನೋಡೋಣ. ಮೊದಲ ಅಂಚಿನ ಮೇಲೆ ಒಟ್ಟು ತೂಕ 40 ಕಿಲೋ ಇರಬೇಕು. ಹಾಗಾಗಿ ಒಂದು ಕಿಲೋ ಅಕ್ಕಿ ಬಿಟ್ಟು ಒಂದು ಕಿಲೋ ಬೇಳೆ ತರಬೇಕು. 55 ಉಳಿಯಿತು, 140 ಹೋಯಿತು. 85 ರೂಪಾಯಿ ಜಾಸ್ತಿ. ಎರಡನೇ ಅಂಚಿನ ಮೇಲೆ ಪ್ರೋಟೀನ್ ಅಷ್ಟೇ ಇರಬೇಕು. 4 ಕಿಲೋ ಬೇಳೆ ಬಿಟ್ಟರೆ 880 ಗ್ರಾಂ ಪ್ರೋಟೀನ್ ಕಡಿಮೆ ಆಗುತ್ತದೆ, ಅದನ್ನು ತುಂಬಲು 11 ಕಿಲೋ ಅಕ್ಕಿ ಬೇಕು. ಬೇಳೆಯಲ್ಲಿ 560 ಉಳಿಯಿತು, ಅಕ್ಕಿಗೆ 605 ಹೋಯಿತು. 45 ರೂಪಾಯಿ ಜಾಸ್ತಿ. ಎರಡೂ ಕಡೆ ಖರ್ಚು ಏರುತ್ತದೆ. 85 ಮತ್ತು 45, ಈ ಎರಡು ಸಂಖ್ಯೆಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಅಮ್ಮ ಕೇಳಬಹುದು, "ಸ್ಕೇಲು ಸರಿಸಿ ನೋಡಿದೆ ಅಂತೀಯ. ಇನ್ನೂ ಅಗ್ಗದ ಚೀಟಿ ಎಲ್ಲೋ ಇದ್ದರೆ?" ಅದಕ್ಕೆ ಉತ್ತರ ಇಲ್ಲಿದೆ:

7 × (55x + 140y) = 45 × (x + y) + 85 × (4x + 11y)

ಎರಡೂ ಬದಿ ಬಿಡಿಸಿ ನೋಡಿ. x ಮುಂದೆ ಎಡಕ್ಕೆ 385, ಬಲಕ್ಕೆ 45 + 340 = 385. y ಮುಂದೆ ಎಡಕ್ಕೆ 980, ಬಲಕ್ಕೆ 45 + 935 = 980. ಸರಿಯಾಗಿದೆ. ಈಗ ಬಲಗಡೆ ನೋಡಿ. ಷರತ್ತು ಪಾಲಿಸುವ ಯಾವ ಚೀಟಿಯಲ್ಲೇ ಆಗಲಿ, x + y ಕನಿಷ್ಠ 40, 4x + 11y ಕನಿಷ್ಠ 195. ಆದ್ದರಿಂದ ಬಲಗಡೆಯ ಮೊತ್ತ ಕನಿಷ್ಠ 1,800 + 16,575 = 18,375. ಅದನ್ನು 7ರಿಂದ ಭಾಗಿಸಿದರೆ 2,625. ಅಂದರೆ ಹೊಟ್ಟೆಯನ್ನೂ ಪ್ರೋಟೀನನ್ನೂ ಪೂರೈಸುವ ಯಾವ ಚೀಟಿಯೂ 2,625ಕ್ಕಿಂತ ಕಡಿಮೆಗೆ ಬರುವುದಿಲ್ಲ. ಎಲ್ಲ ಚೀಟಿಗಳನ್ನು ಒಂದೊಂದಾಗಿ ನೋಡದೆಯೇ ಒಂದೇ ಸಾಲಿನಲ್ಲಿ ಇದನ್ನು ಹೇಳಿಬಿಟ್ಟೆವು! ನಮ್ಮ 85 ಮತ್ತು 45 ಅಲ್ಲಿ ಹೇಗೆ ಬಂದು ಕೂತಿವೆ ನೋಡಿದಿರಾ? ಆ 7 ಬಂದದ್ದು 11ರಿಂದ 4 ಕಳೆದು. ಇದು ಆಕಸ್ಮಿಕ ಅಲ್ಲ. ಇಂಥ ಪ್ರತಿಯೊಂದು ಲೆಕ್ಕಕ್ಕೂ, ಅದಕ್ಕೆ ಉತ್ತರ ಇದ್ದರೆ, ಹೀಗೆ ಒಂದು ಸಾಕ್ಷಿ ಇದ್ದೇ ಇರುತ್ತದೆ.

ಈ ಸಾಕ್ಷಿ ಮನೆಗೂ ಬೇಕಾದದ್ದು. ದಿನಸಿಯ ಈ ಬಾಬತ್ತಿಗೆ 2,500 ಮಾತ್ರ ಕೊಡುತ್ತೇನೆ ಅಂತ ಅಪ್ಪ ಹೇಳಿದರು ಅಂದುಕೊಳ್ಳಿ. ಆಗ ಬಣ್ಣದ ಜಾಗದಲ್ಲಿ ಒಂದು ಬಿಂದುವೂ ಉಳಿಯುವುದಿಲ್ಲ. ತಿಂಗಳ ಕೊನೆಗೆ ದುಡ್ಡು ಸಾಲದೆ ಬಂದರೆ ಅದು ಅಮ್ಮ ದುಂದು ಮಾಡಿದ್ದರಿಂದ ಅಲ್ಲ. ಷರತ್ತುಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಂಥ ಮನೆಗೆ "ಜಾಣತನದಿಂದ ಖರ್ಚು ಮಾಡಿ" ಅಂತ ಬುದ್ಧಿ ಹೇಳುವುದು ತಪ್ಪು. ಅಲ್ಲಿ ಮಾಡಬೇಕಾದ ಕೆಲಸ ಬೇರೆ. ಯಾವ ಷರತ್ತನ್ನು ಎಷ್ಟು ಸಡಿಲಿಸಿದರೆ ದಾರಿ ತೆರೆಯುತ್ತದೆ ಅಂತ ನೋಡಬೇಕು, ಇಲ್ಲವೇ ಇನ್ನೊಂದು ಪದಾರ್ಥ ಹುಡುಕಬೇಕು.

ಈಗ ಬೇಳೆಯ ಬೆಲೆ ಬದಲಾಗಲಿ. ಬೇಳೆ ದರ ಏರುವುದು, ಇಳಿಯುವುದು ನಿಮಗೆಲ್ಲ ಗೊತ್ತೇ ಇದೆ. 140 ಇದ್ದದ್ದು 145 ಆಯಿತು ಅನ್ನಿ. ಬೇಳೆ ಸ್ವಲ್ಪ ಕಡಿಮೆ ತರಬೇಕು ಅಂತ ಅನಿಸುತ್ತದೆ ಅಲ್ವಾ? ಲೆಕ್ಕ ಹಾಗೆ ಹೇಳುವುದಿಲ್ಲ. 145ರಲ್ಲೂ ಉತ್ತರ 35 ಮತ್ತು 5 ಕಿಲೋ. 150 ಆದರೂ ಅದೇ. ಖರ್ಚು ಜಾಸ್ತಿ ಆಗುತ್ತದೆ, ಚೀಟಿ ಬದಲಾಗುವುದಿಲ್ಲ. ಸ್ಕೇಲು ಸ್ವಲ್ಪ ಓರೆಯಾದರೂ ಕೊನೆಗೆ ಅದೇ ಮೂಲೆಯನ್ನೇ ಮುಟ್ಟುತ್ತದೆ. ಆದರೆ ಬೆಲೆ 151 ರೂಪಾಯಿ 25 ಪೈಸೆ ತಲುಪಿದ ಕೂಡಲೇ ಸ್ಕೇಲು ಪ್ರೋಟೀನ್ ಗೆರೆಯ ಮೇಲೆ ಪೂರ್ತಿ ಕೂತುಬಿಡುತ್ತದೆ. ಆಗ 5 ಕಿಲೋ ಬೇಳೆಯ ಚೀಟಿಗೂ, ಬೇಳೆಯೇ ಇಲ್ಲದ ಚೀಟಿಗೂ, ಅವುಗಳ ನಡುವಿನ ಎಲ್ಲ ಚೀಟಿಗಳಿಗೂ ಒಂದೇ ಖರ್ಚು, 2,681 ರೂಪಾಯಿ 25 ಪೈಸೆ. ಅದನ್ನೂ ದಾಟಿ 160 ಆಯಿತೋ, ಉತ್ತರ ಒಂದೇ ಜಿಗಿತಕ್ಕೆ ಬದಲಾಗುತ್ತದೆ: ಅಕ್ಕಿ 48.75 ಕಿಲೋ, ಬೇಳೆ ಸೊನ್ನೆ.

ಈ 151.25 ಎಲ್ಲಿಂದ ಬಂತು? ಒಂದು ರೂಪಾಯಿಗೆ ಎಷ್ಟು ಪ್ರೋಟೀನ್ ಅಂತ ನೋಡಿ. ಅಕ್ಕಿಯಲ್ಲಿ 80 ಗ್ರಾಂ 55 ರೂಪಾಯಿಗೆ, ಅಂದರೆ ರೂಪಾಯಿಗೆ ಸುಮಾರು ಒಂದೂವರೆ ಗ್ರಾಂ. ಬೇಳೆಯ 220 ಗ್ರಾಂ ಅದೇ ದರಕ್ಕೆ ಬರಬೇಕಾದರೆ ಬೇಳೆಯ ಬೆಲೆ 151.25 ಇರಬೇಕು. ಅಲ್ಲಿಯವರೆಗೆ ಬೇಳೆ ಅಗ್ಗದ ಪ್ರೋಟೀನ್. ಅದರಾಚೆ ಅಕ್ಕಿಯೇ ಅಗ್ಗದ ಪ್ರೋಟೀನ್. ಬೇಳೆ ಅಂದರೆ ಪ್ರೋಟೀನ್, ಅಕ್ಕಿ ಅಂದರೆ ಬರೀ ಹೊಟ್ಟೆ ತುಂಬುವುದು ಅಂತ ನಾವು ತಿಳಿದುಕೊಂಡಿದ್ದೇವೆ. ಅಕ್ಕಿಯಲ್ಲಿ ಪ್ರೋಟೀನ್ ಕಡಿಮೆ, ನಿಜ. ಆದರೆ ತಿನ್ನುವುದು ಕಿಲೋಗಟ್ಟಲೆ ಆದ್ದರಿಂದ ಒಟ್ಟು ಲೆಕ್ಕದಲ್ಲಿ ಅದರ ಪಾಲು ದೊಡ್ಡದು. ನಮ್ಮ ಚೀಟಿಯ 3,900 ಗ್ರಾಂನಲ್ಲಿ 2,800 ಗ್ರಾಂ ಬಂದದ್ದು ಅಕ್ಕಿಯಿಂದಲೇ.

ಸರಿ, ಬೇಳೆ 160 ಆದಾಗ ಲೆಕ್ಕ "ಬೇಳೆ ತರಬೇಡಿ" ಅಂದಿತಲ್ಲ. ಆ ಚೀಟಿಯನ್ನು ಅಜ್ಜಿಗೆ ತೋರಿಸಿದರೆ ಏನಂತಾರೆ? "ಸಾರಿಲ್ಲದೆ ಅನ್ನ ಹೇಗೋ ತಿನ್ನೋದು?" ಅಜ್ಜಿ ಹೇಳುವುದು ಸರಿ. ಲೆಕ್ಕವೂ ಸರಿ. ತಪ್ಪು ಇರುವುದು ನಾವು ಲೆಕ್ಕಕ್ಕೆ ಹೇಳದೇ ಬಿಟ್ಟ ಮಾತಿನಲ್ಲಿ. ಪ್ರೋಟೀನ್ ಅಂದರೆ ಎಲ್ಲ ಒಂದೇ ಅಂತ ನಾವು ಗ್ರಾಂ ಎಣಿಸಿದೆವು. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಬೇಳೆಯಲ್ಲಿ ಅದು ಚೆನ್ನಾಗಿದೆ. ಬೇಳೆಯಲ್ಲಿ ಮೆಥಿಯೋನಿನ್ ಕಡಿಮೆ, ಅದು ಅಕ್ಕಿಯಲ್ಲಿದೆ. ಅನ್ನ ಸಾರು ಒಟ್ಟಿಗೆ ತಿಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ನಾವು ಷರತ್ತಾಗಿ ಬರೆದಿರಲಿಲ್ಲ.

ಇದು ದೊಡ್ಡ ದೊಡ್ಡವರಿಗೂ ಆಗಿದೆ. ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಇಂಥ ಲೆಕ್ಕಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದರು. 1950ರ ದಶಕದ ಮೊದಲ ವರ್ಷಗಳಲ್ಲಿ, ತೂಕ ಇಳಿಸಬೇಕು ಅಂತ ವೈದ್ಯರು ಹೇಳಿದಾಗ, ತಮ್ಮ ಊಟದ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡಲು ಹೊರಟರು. ಕ್ಯಾಲರಿ ಮಿತಿಯಲ್ಲಿರಬೇಕು, ಆದರೆ ಹೊಟ್ಟೆ ತುಂಬಿದ ಹಾಗಿರಬೇಕು. ಆದ್ದರಿಂದ ಆಹಾರದ ತೂಕದಲ್ಲಿ ನೀರಿನ ಪಾಲು ಕಳೆದು ಉಳಿದದ್ದು ಆದಷ್ಟು ಜಾಸ್ತಿ ಇರಲಿ ಅಂತ ಗುರಿ ಇಟ್ಟರು. ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ 500 ಗ್ಯಾಲನ್ ವಿನಿಗರ್ ಇತ್ತು! ಲೀಟರಿನಲ್ಲಿ ಹೇಳುವುದಾದರೆ ಸುಮಾರು 1,900. ಆಹಾರದ ಪಟ್ಟಿಯಲ್ಲಿ ವಿನಿಗರ್‌ನ ನೀರಿನ ಅಂಶ ಸೊನ್ನೆ ಅಂತ ಇತ್ತು. ಹಾಗಾಗಿ ಕಂಪ್ಯೂಟರಿನ ಕಣ್ಣಿಗೆ ಅದು ಪೂರ್ತಿ ಗಟ್ಟಿ ಆಹಾರ, ಕ್ಯಾಲರಿಯೂ ಇಲ್ಲ. ವಿನಿಗರ್ ತೆಗೆದು ಮತ್ತೆ ಲೆಕ್ಕ ಹಾಕಿದರು. ಈ ಸಲ ಸೂಪಿಗೆ ಹಾಕುವ ಉಪ್ಪಿನ ಬಿಲ್ಲೆ ದಿನಕ್ಕೆ 200 ತಿನ್ನಿ ಅಂತ ಬಂತು. ಉಪ್ಪು ಇಷ್ಟಕ್ಕಿಂತ ಜಾಸ್ತಿ ಆಗಬಾರದು ಅನ್ನುವ ಷರತ್ತೇ ಅಲ್ಲಿ ಇರಲಿಲ್ಲ. ಪ್ರತಿ ಸಲವೂ ವಿಚಿತ್ರ ಉತ್ತರ ನೋಡಿ, ಬಿಟ್ಟುಹೋದ ಷರತ್ತು ಯಾವುದು ಅಂತ ಹುಡುಕಿ, ಸೇರಿಸಬೇಕಾಯಿತು. ಈ ಕೆಲಸ ಮಾಡುವವರೆಲ್ಲ ಇಂದಿಗೂ ಹೀಗೇ ಮಾಡುತ್ತಾರೆ. ಉತ್ತರ ವಿಚಿತ್ರವಾಗಿದ್ದರೆ ಅದನ್ನು ಬಿಸಾಡುವುದಿಲ್ಲ. ಯಾವುದನ್ನು ಹೇಳಲು ಮರೆತೆವು ಅಂತ ಆ ಉತ್ತರವೇ ತೋರಿಸುತ್ತದೆ.

ನಾವೂ ಸೇರಿಸೋಣ. ಸಾರಿಗೆ ತಿಂಗಳಿಗೆ ಕನಿಷ್ಠ 4 ಕಿಲೋ ಬೇಳೆ ಬೇಕೇ ಬೇಕು, y ≥ 4. ಬೇಳೆ 160 ಇರುವಾಗ ಹೊಸ ಉತ್ತರ ಅಕ್ಕಿ 37.75, ಬೇಳೆ 4. ಖರ್ಚು 2,716 ರೂಪಾಯಿ 25 ಪೈಸೆ. ಬೇಳೆಯಿಲ್ಲದ ಚೀಟಿಗೆ 2,681.25 ಆಗುತ್ತಿತ್ತು. ವ್ಯತ್ಯಾಸ ಬರೀ 35 ರೂಪಾಯಿ. ಅಜ್ಜಿಯ ಸಾರಿಗೋಸ್ಕರ ಈ ಮನೆ ಇಡೀ ತಿಂಗಳಿಗೆ ಜಾಸ್ತಿ ಕೊಡುವುದು ಇಷ್ಟೇ. ಇದು ತಿಳಿದರೆ ಮನೆಯಲ್ಲಿ ಜಗಳಕ್ಕೇ ಜಾಗ ಇರುವುದಿಲ್ಲ ಅಲ್ವಾ? ಒಂದು ಷರತ್ತು ಹಾಕಿದರೆ ಎಷ್ಟು ಖರ್ಚಾಗುತ್ತದೆ ಅನ್ನುವುದನ್ನು ಈ ಗಣಿತ ರೂಪಾಯಿ ಪೈಸೆಯಲ್ಲೇ ಹೇಳುತ್ತದೆ. ಆ ಬೆಲೆ ಕೊಡಬೇಕೋ ಬೇಡವೋ ಅನ್ನುವುದು ಮನೆಯವರಿಗೆ ಬಿಟ್ಟದ್ದು.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಬೇಳೆ 140 ಇದ್ದ ಮೊದಲಿನ ಲೆಕ್ಕಕ್ಕೆ ವಾಪಸ್ ಬರೋಣ. ಮಕ್ಕಳು ಬೆಳೆಯುತ್ತಿದ್ದಾರೆ, ಪ್ರೋಟೀನ್ 3,900 ಸಾಲದು, ಇನ್ನೂ ಬೇಕು ಅಂದರು. ಒಂದು ಗ್ರಾಂ ಜಾಸ್ತಿಗೆ ಎಷ್ಟು ಖರ್ಚು? ಒಂದು ಕಿಲೋ ಅಕ್ಕಿಯ ಬದಲು ಒಂದು ಕಿಲೋ ಬೇಳೆ ತಂದರೆ 140 ಗ್ರಾಂ ಪ್ರೋಟೀನ್ ಜಾಸ್ತಿ, ಖರ್ಚು 85 ರೂಪಾಯಿ ಜಾಸ್ತಿ. 85ನ್ನು 140ರಿಂದ ಭಾಗಿಸಿ. ಗ್ರಾಂಗೆ ಸುಮಾರು 61 ಪೈಸೆ. ಈ ಸಂಖ್ಯೆ ಯಾವ ಅಂಗಡಿಯ ಬೋರ್ಡಿನಲ್ಲೂ ಇರುವುದಿಲ್ಲ. ಈ ಮನೆಗೆ, ಈ ದರಗಳಲ್ಲಿ, ಒಂದು ಗ್ರಾಂ ಪ್ರೋಟೀನಿನ ಒಳಬೆಲೆ ಅದು. ಇದಕ್ಕೆ ನೆರಳು ಬೆಲೆ ಅಂತ ಹೆಸರು.

ಇದರ ಉಪಯೋಗ ಏನು? ಅಂಗಡಿಯಲ್ಲಿ ಕಡಲೆಕಾಯಿ ಬೀಜ ನೋಡಿದಿರಿ. ತರಬೇಕೋ ಬೇಡವೋ? ಒಂದು ಕಿಲೋದಲ್ಲಿ ಸುಮಾರು 240 ಗ್ರಾಂ ಪ್ರೋಟೀನ್ ಇದೆ. ಗ್ರಾಂಗೆ 61 ಪೈಸೆ ಅಂದರೆ ಅದರ ಪ್ರೋಟೀನೇ ಈ ಮನೆಗೆ ಸುಮಾರು 146 ರೂಪಾಯಿ ಬೆಲೆಯದ್ದು. ಶಕ್ತಿಗೂ ಹೀಗೇ ಒಂದು ಒಳಬೆಲೆ ಇದೆ. ಅಕ್ಕಿಯ 55 ರೂಪಾಯಿಯಲ್ಲಿ 80 ಗ್ರಾಂ ಪ್ರೋಟೀನಿನ ಪಾಲು ಸುಮಾರು 48 ರೂಪಾಯಿ 57 ಪೈಸೆ. ಉಳಿದ 6 ರೂಪಾಯಿ 43 ಪೈಸೆ 3,400 ಕಿಲೋ ಕ್ಯಾಲರಿಗೆ. ಕಡಲೆಕಾಯಿ ಬೀಜದ ಕಿಲೋದಲ್ಲಿ ಸುಮಾರು 5,200 ಕಿಲೋ ಕ್ಯಾಲರಿ ಇರುವುದರಿಂದ ಅದಕ್ಕೆ ಇನ್ನೊಂದು ಹತ್ತು ರೂಪಾಯಿ ಸೇರಿಸಿ. ಒಟ್ಟು ಸುಮಾರು 155. ಅಂಗಡಿಯಲ್ಲಿ ಬೀಜ 140ಕ್ಕೆ ಸಿಕ್ಕರೆ ಚೀಟಿಗೆ ಸೇರಿಸಿ, ತಿಂಗಳ ಖರ್ಚು ಇಳಿಯುತ್ತದೆ. 170 ಇದ್ದರೆ ಈ ಲೆಕ್ಕದ ಪ್ರಕಾರ ಬೇಡ. ಹೊಸ ಪದಾರ್ಥ ಬಂದಾಗ ಇಡೀ ಲೆಕ್ಕ ಮತ್ತೆ ಮಾಡದೆಯೇ ಬೇಕೋ ಬೇಡವೋ ಅಂತ ಗೊತ್ತಾಯಿತು. ಎಷ್ಟು ಕಿಲೋ ತರಬೇಕು ಅನ್ನುವುದಕ್ಕೆ ಮಾತ್ರ ಹೊಸದಾಗಿ ಲೆಕ್ಕ ಹಾಕಬೇಕು.

ಎರಡು ಪದಾರ್ಥ ಇದ್ದಾಗ ಮೂರು ಮೂಲೆ ನೋಡಿದೆವು, ಮುಗಿಯಿತು. ನಿಜವಾದ ಮನೆಯ ಚೀಟಿಯಲ್ಲಿ ಐವತ್ತು ಅರವತ್ತು ಪದಾರ್ಥ ಇರುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಇದೇ ಪ್ರಶ್ನೆ ಕೇಳಿದ್ದರು. 77 ಆಹಾರಗಳು, 9 ಪೋಷಕಾಂಶಗಳು, ಒಬ್ಬ ಮನುಷ್ಯನಿಗೆ ವರ್ಷಕ್ಕೆ ಅತಿ ಕಡಿಮೆ ಖರ್ಚು ಎಷ್ಟು? 77ರಿಂದ 9 ಆಹಾರ ಆರಿಸುವ ರೀತಿಗಳೇ 16,000 ಕೋಟಿಗಿಂತ ಜಾಸ್ತಿ. ಒಂದೊಂದನ್ನೂ ನೋಡುವ ಮಾತೇ ಇಲ್ಲ. ಸ್ಟಿಗ್ಲರ್ ಜಾಣ ಊಹೆಗಳಿಂದ ಆಹಾರಗಳನ್ನು ಒಂದೊಂದಾಗಿ ಬಿಡುತ್ತಾ ಬಂದು, 1939ರ ದರಗಳಲ್ಲಿ ವರ್ಷಕ್ಕೆ 39 ಡಾಲರ್ 93 ಸೆಂಟ್ ಅಂತ ಹೇಳಿದರು. ಇದೇ ಅತಿ ಕಡಿಮೆ ಅಂತ ಸಾಧಿಸಲು ಅವರ ಬಳಿ ದಾರಿ ಇರಲಿಲ್ಲ. ಎರಡು ವರ್ಷದ ನಂತರ ಡಾಂಟ್ಜಿಗ್ ಅವರ ವಿಧಾನ ಬಂತು. ಅದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಸ್ಟಿಗ್ಲರ್ ಅವರ ಇದೇ ಲೆಕ್ಕ. ಒಂಬತ್ತು ಜನ ಗುಮಾಸ್ತರು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳಲ್ಲಿ ಕೂತು ಬಿಡಿಸಿದರು. ಎಲ್ಲರ ಕೆಲಸ ಕೂಡಿದರೆ 120 ಆಳು-ದಿನ ಹಿಡಿಯಿತು. ಉತ್ತರ 39 ಡಾಲರ್ 69 ಸೆಂಟ್. ಸ್ಟಿಗ್ಲರ್ ಅವರ ಊಹೆಗೂ ಅದಕ್ಕೂ ವ್ಯತ್ಯಾಸ 24 ಸೆಂಟ್ ಮಾತ್ರ!

ಸಿಂಪ್ಲೆಕ್ಸ್ ವಿಧಾನದಲ್ಲಿ ಎಲ್ಲ ಮೂಲೆ ನೋಡುವುದಿಲ್ಲ. ಯಾವುದಾದರೂ ಒಂದು ಮೂಲೆಯಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಹೊರಡುವ ಒಂದೊಂದು ಅಂಚಿನ ಮೇಲೂ ಖರ್ಚು ಏರುತ್ತದೋ ಇಳಿಯುತ್ತದೋ ನೋಡುತ್ತಾರೆ. ಇಳಿಯುವ ಅಂಚು ಹಿಡಿದು ಮುಂದಿನ ಮೂಲೆಗೆ ಹೋಗುತ್ತಾರೆ. ಇಳಿಯುವ ಅಂಚು ಒಂದೂ ಇಲ್ಲದ ಮೂಲೆ ಸಿಕ್ಕರೆ ಅದೇ ಉತ್ತರ. ನಾವು (35, 5)ರಲ್ಲಿ ನಿಂತು 85 ಮತ್ತು 45 ಅಂತ ಲೆಕ್ಕ ಹಾಕಿದೆವಲ್ಲ, ಅದು ಈ ವಿಧಾನದ ಕೊನೆಯ ಹೆಜ್ಜೆಯೇ.

ಈ ವಿಧಾನಕ್ಕೂ ಒಂದು ಮಿತಿ ಇದೆ. ಎಲ್ಲವೂ ನೇರ ಗೆರೆ ಅಂತ ನಾವು ನಂಬಿದ್ದೇವೆ. ಅಂಗಡಿಯಲ್ಲಿ ಹಾಗಿರುವುದಿಲ್ಲ. ಬಿಡಿಯಾಗಿ ಅಕ್ಕಿ ಕಿಲೋಗೆ 55, 25 ಕಿಲೋ ಮೂಟೆ ತೆಗೆದುಕೊಂಡರೆ 1,250, ಅಂದರೆ ಕಿಲೋಗೆ 50 ಅನ್ನಿ. ಒಂದು ಮೂಟೆ, 10 ಕಿಲೋ ಬಿಡಿ ಅಕ್ಕಿ, 5 ಕಿಲೋ ಬೇಳೆ ತಂದರೆ 2,500 ಆಗುತ್ತದೆ. ಬೇಳೆಯೇ ಇಲ್ಲದೆ ಎರಡು ಮೂಟೆ ತಂದರೂ ಸರಿಯಾಗಿ 2,500, ಪ್ರೋಟೀನ್ 4,000 ಗ್ರಾಂ. ಮೂಟೆಯನ್ನು ಅರ್ಧ ತರಲು ಆಗುವುದಿಲ್ಲ, ಗ್ಯಾಸ್ ಸಿಲಿಂಡರನ್ನೂ ಅಷ್ಟೇ. ಹೀಗೆ ಪೂರ್ಣ ಸಂಖ್ಯೆಗಳೇ ಬೇಕು ಅಂದಾಗ ಉತ್ತರ ಮೂಲೆಯಲ್ಲೇ ಸಿಗುತ್ತದೆ ಅನ್ನುವ ಭರವಸೆ ಹೋಗುತ್ತದೆ. ಮೂಲೆಯ ಉತ್ತರವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ದುಂಡು ಮಾಡಿದರೆ ಅದು ಷರತ್ತನ್ನೇ ಮುರಿಯಬಹುದು. 37.75 ಕಿಲೋವನ್ನು 37 ಮಾಡಿ ನೋಡಿ, ಪ್ರೋಟೀನ್ 3,840 ಗ್ರಾಂಗೆ ಇಳಿದುಬಿಡುತ್ತದೆ. ಅಂಥ ಲೆಕ್ಕಗಳಿಗೆ ಬೇರೆ ವಿಧಾನಗಳಿವೆ, ಅವು ಇದಕ್ಕಿಂತ ಕಷ್ಟ.

ಕೊನೆಗೆ ರಾಗಿ. ಕಿಲೋಗೆ 40 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಕಿಲೋದಲ್ಲಿ ಸುಮಾರು 70 ಗ್ರಾಂ ಪ್ರೋಟೀನ್, 3,200 ಕಿಲೋ ಕ್ಯಾಲರಿ. ಒಳಬೆಲೆಗಳು ನಿಮ್ಮ ಹಾಳೆಯಲ್ಲಿವೆ. ಮೊದಲು ರಾಗಿ ಚೀಟಿಗೆ ಬರುತ್ತದೋ ಇಲ್ಲವೋ ಹೇಳಿ. ಬರುವುದಾದರೆ, ಯಾವ ಬೆಲೆಯವರೆಗೆ ಬರುತ್ತದೆ ಅಂತ ಕಂಡುಹಿಡಿಯಿರಿ. ಆಮೇಲೆ ಅದನ್ನು ಸೇರಿಸಿ ಹೊಸ ಚೀಟಿ ಮಾಡಿ, ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ತೋರಿಸಿ. ಅವರು "ಇದು ಆಗಲ್ಲ" ಅಂದರೆ ಯಾಕೆ ಅಂತ ಕೇಳಿ, ಆ ಕಾರಣವನ್ನು ಒಂದು ಷರತ್ತಾಗಿ x, y, z ಹಾಕಿ ಬರೆದುಕೊಂಡು ಬನ್ನಿ.